ಪೋಸ್ಟ್‌ಪೇಯ್ಡ್ ಬಿಟ್ಟು ಪ್ರೀಪೇಯ್ಡ್‌ಗೆ: ಹಳೆ ಬಿಲ್, ಡೆಪಾಸಿಟ್, ನೆಟ್‌ಫ್ಲಿಕ್ಸ್, ಫ್ಯಾಮಿಲಿ ನಂಬರ್‌ಗಳು ಏನಾಗುತ್ತವೆ?

ಪೋಸ್ಟ್‌ಪೇಯ್ಡ್ ನಂಬರನ್ನು ಪ್ರೀಪೇಯ್ಡ್ ಮಾಡಿಸಿಕೊಳ್ಳುವುದು ಈಗ ಸುಲಭ. ಮೊದಲೆಲ್ಲ ಹೊಸ ಸಿಮ್ ತಗೊಳ್ಳುವವರ ಹಾಗೆ ಫಾರ್ಮ್ ತುಂಬಿ, ದಾಖಲೆ ಕೊಟ್ಟು, ಮತ್ತೆ ಗುರುತಿನ ಪರಿಶೀಲನೆ ಮಾಡಿಸಬೇಕಿತ್ತು. 2021ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಈ ನಿಯಮ ಸಡಿಲಿಸಿತು. ಅದೇ ಕಂಪನಿಯಲ್ಲೇ ಉಳಿಯುವುದಾದರೆ ಒಂದು ಓಟಿಪಿಯಲ್ಲಿ ಕೆಲಸ ಮುಗಿಸಬಹುದು ಎಂದಿತು.

ತೊಂದರೆ ಶುರುವಾಗುವುದು ಬದಲಾಯಿಸಿದ ಮೇಲೆ. ಎಲ್ಲ ಮುಗೀತು ಅಂದುಕೊಂಡು ಹೊಸ ರೀಚಾರ್ಜ್ ಹಾಕಿಸಿರುತ್ತೀರಿ. ಕೆಲವು ವಾರ ಕಳೆದ ಮೇಲೆ ಇನ್ನೊಂದು ಬಿಲ್ ಬರುತ್ತದೆ. ಮಗನ ಫೋನಿನಲ್ಲಿ ಕಾಲ್ ಹೋಗುತ್ತಿಲ್ಲ ಅಂತ ಗೊತ್ತಾಗುತ್ತದೆ. ಟಿವಿಯಲ್ಲಿ ನೆಟ್‌ಫ್ಲಿಕ್ಸ್ ದುಡ್ಡು ಕೇಳುತ್ತದೆ. ಇವಿಷ್ಟಕ್ಕೂ ಕಾರಣ ಒಂದೇ.

ನಿಮ್ಮ ಫೋನ್ ನಂಬರ್ ಬೇರೆ, ನಿಮ್ಮ ಬಿಲ್ ಖಾತೆ ಬೇರೆ. ಬಿಲ್‌ನ ಮೊದಲ ಪುಟದಲ್ಲಿ ಫೋನ್ ನಂಬರ್ ಜೊತೆಗೆ ಒಂದು ಖಾತೆ ಸಂಖ್ಯೆಯೂ ಇರುತ್ತದೆ, ನೋಡಿ. ಪ್ರೀಪೇಯ್ಡ್‌ಗೆ ಹೋಗುವುದು ನಂಬರ್ ಮಾತ್ರ. ಖಾತೆ ಅಲ್ಲೇ ಉಳಿಯುತ್ತದೆ. ಬಾಕಿ ಹಣ, ಡೆಪಾಸಿಟ್, ಪ್ಲಾನ್ ಜೊತೆ ಬಂದ ಓಟಿಟಿ, ಮನೆಯವರ ಆ್ಯಡ್-ಆನ್ ನಂಬರ್, ಆಟೊಪೇ ಎಲ್ಲವೂ ಅಂಟಿಕೊಂಡಿರುವುದು ಆ ಖಾತೆಗೆ. ಕೊನೆಯ ಬಿಲ್ ಬಂದು, ಅದು ಚುಕ್ತಾ ಆಗುವವರೆಗೆ ಆ ಖಾತೆ ಜೀವಂತವಾಗಿಯೇ ಇರುತ್ತದೆ. ಇದೊಂದು ತಲೆಯಲ್ಲಿದ್ದರೆ ಮುಂದಿನ ಹೆಜ್ಜೆಗಳೆಲ್ಲ ಅರ್ಥವಾಗುತ್ತವೆ.

ಹೆಜ್ಜೆ 1: ಬಿಲ್‌ನ ಪಿಡಿಎಫ್ ತೆಗೆದು ಓದಿ

ಆ್ಯಪ್‌ನಲ್ಲಿ ಎದ್ದು ಕಾಣುವುದು ಕಟ್ಟಬೇಕಾದ ಮೊತ್ತ. ಅದು ಸಾಲದು. ಪೂರ್ತಿ ಬಿಲ್ ಡೌನ್‌ಲೋಡ್ ಮಾಡಿಕೊಳ್ಳಿ. ಹಿಂದಿನ ಎರಡು ಮೂರು ತಿಂಗಳ ಬಿಲ್‌ಗಳನ್ನೂ ಈಗಲೇ ಇಳಿಸಿಕೊಂಡು ಇಡಿ. ನಂಬರ್ ಪ್ರೀಪೇಯ್ಡ್ ಆದ ಮೇಲೆ ಆ್ಯಪ್ ಪ್ರೀಪೇಯ್ಡ್ ಪುಟವನ್ನೇ ತೋರಿಸುತ್ತದೆ, ಹಳೆ ಬಿಲ್‌ಗಳು ಕೈಗೆ ಸಿಗದೇ ಹೋಗಬಹುದು.

ಬಿಲ್‌ನಲ್ಲಿ ಮೊದಲು ನೋಡಬೇಕಾದದ್ದು ಬಿಲ್ ಅವಧಿ, ಅಂದರೆ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಂಬುದು. ಆಮೇಲೆ ಕಟ್ಟಲು ಕೊನೆಯ ದಿನ. ಈ ಎರಡು ತಾರೀಕು ಬೇರೆ ಬೇರೆ, ತುಂಬಾ ಜನ ಇವನ್ನು ಒಂದೇ ಅಂದುಕೊಳ್ಳುತ್ತಾರೆ.

ಮೂರನೆಯದು ತಿಂಗಳ ಬಾಡಿಗೆಯ ಸಾಲು. ಅದರ ಪಕ್ಕದಲ್ಲಿ ತಾರೀಕುಗಳಿದ್ದರೆ ಗಮನವಿಟ್ಟು ಓದಿ. ಮುಗಿದ ತಿಂಗಳಿನ ತಾರೀಕುಗಳಿದ್ದರೆ ನೀವು ಬಳಸಿದ ಮೇಲೆ ಬಾಡಿಗೆ ಕಟ್ಟುತ್ತಿದ್ದೀರಿ. ಬರುವ ತಿಂಗಳಿನ ತಾರೀಕುಗಳಿದ್ದರೆ ಮುಂಗಡವಾಗಿ ಕಟ್ಟುತ್ತಿದ್ದೀರಿ. ಕೊನೆಯ ಬಿಲ್‌ನಲ್ಲಿ ನೀವು ಕೊಡಬೇಕೋ, ನಿಮಗೇ ವಾಪಸ್ ಬರಬೇಕೋ ಅನ್ನುವುದು ಈ ಒಂದು ಸಾಲಿನ ಮೇಲೆ ನಿಂತಿದೆ.

ಕೊನೆಯದು ಡೆಪಾಸಿಟ್. ಹಿಂದೆ ಯಾವತ್ತೋ ಐಎಸ್‌ಡಿ ಅಥವಾ ವಿದೇಶದ ರೋಮಿಂಗ್ ಹಾಕಿಸಿಕೊಳ್ಳುವಾಗ ಕಟ್ಟಿದ ಹಣ ಮರೆತೇ ಹೋಗಿರುತ್ತದೆ. ಬಿಲ್‌ನಲ್ಲಿ ಅದು ಕಾಣಿಸದಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿ.

ಇನ್ನೊಂದು ಸಣ್ಣ ಕೆಲಸ. ಬಿಲ್ ಯಾವ ಇಮೇಲ್‌ಗೆ ಹೋಗುತ್ತಿದೆ ನೋಡಿ. ನೀವು ಕೆಲಸ ಬಿಟ್ಟ ಆಫೀಸಿನ ಇಮೇಲೋ, ಪಾಸ್‌ವರ್ಡ್ ಮರೆತ ಇಮೇಲೋ ಆಗಿದ್ದರೆ ಈಗಲೇ ಬದಲಾಯಿಸಿ. ಕೊನೆಯ ಬಿಲ್ ಅಲ್ಲಿಗೇ ಬರುವುದು. ಅದು ಕಣ್ಣಿಗೆ ಬೀಳದೆ ಬಾಕಿ ಉಳಿದುಬಿಡುವುದು ಬಹಳ ಸಾಮಾನ್ಯ.

ಹೆಜ್ಜೆ 2: ಲೆಕ್ಕ ಹಾಕಿ ದಿನ ಆರಿಸಿ

ಒಂದು ಲೆಕ್ಕ ಮಾಡಿ ನೋಡೋಣ. ಹಾಸನದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇದ್ದಾರೆ ಅಂದುಕೊಳ್ಳಿ. ಅವರದು 600 ರೂಪಾಯಿ ಪ್ಲಾನ್. ಶೇಕಡಾ 18 ಜಿಎಸ್‌ಟಿ ಸೇರಿ ತಿಂಗಳಿಗೆ 708 ರೂಪಾಯಿ. ಬಿಲ್ ಅವಧಿ 5ನೇ ತಾರೀಕಿನಿಂದ ಮುಂದಿನ ತಿಂಗಳ 4ರವರೆಗೆ. ಅವರು ಜೂನ್ 17ಕ್ಕೆ ಪ್ರೀಪೇಯ್ಡ್ ಆದರು. ಅಷ್ಟರೊಳಗೆ ವಿದೇಶದಲ್ಲಿರುವ ಮಗಳಿಗೆ ಒಂದು ಕಾಲ್ ಮಾಡಿದ್ದಕ್ಕೆ 50 ರೂಪಾಯಿ ಆಗಿದೆ. ಐಎಸ್‌ಡಿಗೆ ಅಂತ ಹಿಂದೆ ಕಟ್ಟಿದ 500 ರೂಪಾಯಿ ಡೆಪಾಸಿಟ್ ಇದೆ. ಜೂನ್ 5ರಂದು ತಯಾರಾದ 708 ರೂಪಾಯಿ ಬಿಲ್ಲನ್ನು ಮೊದಲೇ ಕಟ್ಟಿದ್ದಾರೆ.

ಬಳಸಿದ ಮೇಲೆ ಬಾಡಿಗೆ ಕಟ್ಟುವ ಪದ್ಧತಿ ಅಂದುಕೊಂಡರೆ, ಅವರು ಕಟ್ಟಿದ 708 ರೂಪಾಯಿ ಹಿಂದಿನ ತಿಂಗಳಿನದು. ಜೂನ್ 5ರಿಂದ 16ರವರೆಗಿನ 12 ದಿನದ ಬಾಡಿಗೆ ಇನ್ನೂ ಬಾಕಿ. ದಿನಕ್ಕೆ 20 ರೂಪಾಯಿಯಂತೆ 240. ಕಾಲ್‌ನ 50 ಸೇರಿದರೆ 290. ಜಿಎಸ್‌ಟಿ 52.20 ಸೇರಿ 342.20 ರೂಪಾಯಿ ಕೊನೆಯ ಬಿಲ್. ಇದನ್ನು ಡೆಪಾಸಿಟ್‌ನಲ್ಲಿ ಮುರಿದುಕೊಂಡರೆ 157.80 ರೂಪಾಯಿ ಅವರಿಗೆ ವಾಪಸ್ ಬರಬೇಕು.

ಮುಂಗಡದ ಪದ್ಧತಿಯಾಗಿದ್ದರೆ ಲೆಕ್ಕ ತಿರುಗುತ್ತದೆ. ಕಟ್ಟಿದ 708 ರೂಪಾಯಿ ಜುಲೈ 4ರವರೆಗಿನ ಬಾಡಿಗೆ. ಬಳಸದೆ ಉಳಿದದ್ದು 18 ದಿನ, ಅಂದರೆ 360 ರೂಪಾಯಿ, ತೆರಿಗೆ ಸೇರಿ 424.80. ಕಾಲ್‌ನ 59 ರೂಪಾಯಿ ಕಳೆದರೆ 365.80 ರೂಪಾಯಿ ಅವರ ಲೆಕ್ಕದಲ್ಲಿ ಜಮಾ ಇರಬೇಕು. ಡೆಪಾಸಿಟ್‌ನ 500 ಪೂರ್ತಿ ಬೇರೆ.

ಆದರೆ ಈ ಎರಡೂ ಲೆಕ್ಕ ಸರಿಹೋಗುವುದು ಕಂಪನಿ ದಿನದ ಲೆಕ್ಕದಲ್ಲಿ ಬಾಡಿಗೆ ಹಾಕಿದರೆ ಮಾತ್ರ. ಕೆಲವು ಪ್ಲಾನ್‌ಗಳಲ್ಲಿ ಮಧ್ಯದಲ್ಲಿ ಬಿಟ್ಟರೂ ಪೂರ್ತಿ ತಿಂಗಳ ಬಾಡಿಗೆ ಹಾಕುವ ಷರತ್ತು ಇರಬಹುದು. ಹಾಗಾಗಿ ರಿಕ್ವೆಸ್ಟ್ ಹಾಕುವ ಮೊದಲು ನೇರವಾಗಿ ಕೇಳಿ: "ನಾನು ಮಧ್ಯದಲ್ಲಿ ಪ್ರೀಪೇಯ್ಡ್ ಆದರೆ ಬಾಡಿಗೆ ದಿನದ ಲೆಕ್ಕವೋ, ಪೂರ್ತಿ ತಿಂಗಳೋ?" ಫೋನಿನಲ್ಲಿ ಕೇಳುವುದಕ್ಕಿಂತ ಆ್ಯಪ್‌ನ ಚಾಟ್‌ನಲ್ಲಿ ಅಥವಾ ಇಮೇಲ್‌ನಲ್ಲಿ ಕೇಳಿದರೆ ಒಳ್ಳೆಯದು. ಉತ್ತರ ಬರಹದಲ್ಲಿ ಸಿಗುತ್ತದೆ.

ಉತ್ತರ ಸ್ಪಷ್ಟವಾಗಿ ಸಿಗಲಿಲ್ಲ ಅಂದರೆ ಬಿಲ್ ಅವಧಿ ಮುಗಿಯಲು ನಾಲ್ಕೈದು ದಿನ ಇರುವಾಗ ರಿಕ್ವೆಸ್ಟ್ ಹಾಕಿ. ಪೂರ್ತಿ ತಿಂಗಳ ಬಾಡಿಗೆ ಹಾಕಿದರೂ ನಷ್ಟ ಕಡಿಮೆ. ಕಟ್ಟಕಡೆಯ ದಿನಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ. ಏನಾದರೂ ತಾಂತ್ರಿಕ ಕಾರಣಕ್ಕೆ ಎರಡು ದಿನ ತಡವಾದರೆ ಹೊಸ ಬಿಲ್ ಅವಧಿ ಶುರುವಾಗಿಬಿಡುತ್ತದೆ. ಮೇಷ್ಟ್ರ ವಿಷಯದಲ್ಲಿ ಹೇಳುವುದಾದರೆ ಜೂನ್ 17ಕ್ಕಿಂತ ಜೂನ್ 30 ವಾಸಿ.

ಆಗಲೇ ತಯಾರಾದ ಬಿಲ್ ಇದ್ದರೆ, ಕೊನೆಯ ದಿನ ದೂರ ಇದ್ದರೂ ಪರವಾಗಿಲ್ಲ, ಅದನ್ನು ಕಟ್ಟಿಬಿಡಿ. ಬಾಕಿ ತೋರಿಸುತ್ತಿದ್ದರೆ ರಿಕ್ವೆಸ್ಟ್ ಮುಂದಕ್ಕೆ ಹೋಗುವುದಿಲ್ಲ. ಕಟ್ಟಿದ ಹಣ ಖಾತೆಯಲ್ಲಿ ಜಮಾ ಆಗಿದೆ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಮುಂದುವರಿಯಿರಿ.

ಇತ್ತೀಚೆಗೆ ವಿದೇಶಕ್ಕೆ ಹೋಗಿ ಬಂದಿದ್ದರೆ ಒಂದು ಮಾತು. ರೋಮಿಂಗ್ ಲೆಕ್ಕ ಅಲ್ಲಿನ ಕಂಪನಿಯಿಂದ ನಮ್ಮ ಕಂಪನಿಗೆ ಬರಬೇಕು. ಅದು ತಡವಾಗಬಹುದು. ಊರಿಗೆ ಬಂದ ಮಾರನೆಯ ದಿನವೇ ಬದಲಾಯಿಸಿದರೆ, ಕೊನೆಯ ಬಿಲ್ ಅಂದುಕೊಂಡದ್ದರ ಮೇಲೆ ಇನ್ನೊಂದು ಬರಬಹುದು. ಒಂದು ಬಿಲ್ ಪೂರ್ತಿ ಬಂದು ಹೋಗಲಿ, ಆಮೇಲೆ ಬದಲಾಯಿಸಿ.

ಹೆಜ್ಜೆ 3: ಖಾತೆಗೆ ಅಂಟಿಕೊಂಡದ್ದನ್ನೆಲ್ಲ ಮೊದಲೇ ಬಿಡಿಸಿ

ಎಲ್ಲಕ್ಕಿಂತ ಮುಖ್ಯ ಫ್ಯಾಮಿಲಿ ಪ್ಲಾನ್. ಮೇಷ್ಟ್ರ ನಂಬರ್ ಪ್ರೈಮರಿ, ಹೆಂಡತಿಯದು ಮತ್ತು ಬೆಂಗಳೂರಿನಲ್ಲಿರುವ ಮಗನದು ಆ್ಯಡ್-ಆನ್ ಅಂದುಕೊಳ್ಳಿ. ಆ್ಯಡ್-ಆನ್ ನಂಬರ್‌ಗೆ ಸ್ವಂತ ಪ್ಲಾನ್ ಇರುವುದಿಲ್ಲ. ಅದು ಪ್ರೈಮರಿ ನಂಬರ್‌ನ ಖಾತೆಯ ನೆರಳಿನಲ್ಲಿ ನಡೆಯುತ್ತಿರುತ್ತದೆ. ಪ್ರೈಮರಿ ಹೊರಟುಹೋದರೆ ಅವರಿಬ್ಬರಿಗೆ ಆಧಾರ ಇಲ್ಲ. ಕಂಪನಿ ಆ ನಂಬರ್‌ಗಳನ್ನು ಬೇರೆ ಬೇರೆ ಪೂರ್ತಿ ದರದ ಪೋಸ್ಟ್‌ಪೇಯ್ಡ್ ಮಾಡಬಹುದು, ಇಲ್ಲವೇ ಆ್ಯಡ್-ಆನ್ ಇರುವಾಗ ಪ್ರೈಮರಿಯ ರಿಕ್ವೆಸ್ಟನ್ನೇ ತಿರಸ್ಕರಿಸಬಹುದು.

ಅದಕ್ಕೇ ಆ್ಯಡ್-ಆನ್‌ಗಳಿಂದ ಶುರು ಮಾಡಿ. ಮಗ ಪೋಸ್ಟ್‌ಪೇಯ್ಡ್‌ನಲ್ಲೇ ಉಳಿಯುವುದಾದರೆ ಅವನ ನಂಬರನ್ನು ಮೊದಲು ಪ್ರತ್ಯೇಕ ಖಾತೆ ಮಾಡಿಸಿ, ಅಥವಾ ಅವನನ್ನೇ ಪ್ರೈಮರಿ ಮಾಡಿಸಿ. ಹೆಂಡತಿ ಪ್ರೀಪೇಯ್ಡ್ ಆಗುವುದಾದರೆ ಅವರ ನಂಬರ್ ಮೊದಲು ಬದಲಾಗಲಿ. ಎಲ್ಲ ಸರಿಯಾಗಿ ನಡೆಯುತ್ತಿದೆ ಅಂತ ನೋಡಿಕೊಂಡು ಕೊನೆಗೆ ಮೇಷ್ಟ್ರದು. ಇಲ್ಲೊಂದು ತೊಡಕಿದೆ. ಆ್ಯಡ್-ಆನ್ ನಂಬರ್‌ಗಳು ತುಂಬಾ ಸಲ ಅಪ್ಪನ ಹೆಸರಿನಲ್ಲೇ ಇರುತ್ತವೆ. ಆಗ ಮಗನ ಹೆಸರಿಗೆ ವರ್ಗ ಮಾಡಿಸಲು ಇಬ್ಬರ ಗುರುತಿನ ದಾಖಲೆಯೂ ಬೇಕು, ಸ್ಟೋರ್‌ಗೂ ಹೋಗಬೇಕಾಗಬಹುದು. ಇದಕ್ಕೆ ಸಮಯ ಬೇಕು, ಅದೇ ವಾರ ಮುಗಿಸುತ್ತೇನೆ ಅಂತ ಹೊರಡಬೇಡಿ.

ಮೊಬೈಲ್, ಮನೆಯ ಫೈಬರ್, ಡಿಟಿಎಚ್ ಎಲ್ಲ ಸೇರಿಸಿ ಒಂದೇ ಬಿಲ್ ಬರುವ ಪ್ಲಾನ್ ಇದ್ದರೆ ಇದೇ ಮಾತು. ಮೊಬೈಲ್ ಹೊರಬಂದರೆ ಉಳಿದವು ನಿಲ್ಲಬೇಕಿಲ್ಲ, ಆದರೆ ಒಟ್ಟಿಗೆ ತಗೊಂಡಿದ್ದಕ್ಕೆ ಸಿಗುತ್ತಿದ್ದ ರಿಯಾಯಿತಿ ಹೋಗುತ್ತದೆ. ಫೈಬರ್ ಬಿಲ್ ಎಷ್ಟಾಗುತ್ತದೆ ಅಂತ ಮೊದಲೇ ಕೇಳಿ. ಮೊಬೈಲ್‌ನಲ್ಲಿ ಉಳಿಸಿದ್ದು ಫೈಬರ್‌ನಲ್ಲಿ ಹೋಗಿಬಿಟ್ಟರೆ ಬದಲಾಯಿಸಿ ಏನು ಬಂತು?

ಇನ್ನು ಓಟಿಟಿ. ಪ್ಲಾನ್ ಜೊತೆ ಬಂದ ನೆಟ್‌ಫ್ಲಿಕ್ಸ್, ಪ್ರೈಮ್, ಜಿಯೋಹಾಟ್‌ಸ್ಟಾರ್‌ಗಳ ದುಡ್ಡು ಕಟ್ಟುತ್ತಿದ್ದದ್ದು ನಿಮ್ಮ ಮೊಬೈಲ್ ಕಂಪನಿ. ಪ್ಲಾನ್ ನಿಂತ ಮೇಲೆ ಅದು ಕಟ್ಟುವುದಿಲ್ಲ. ಆದರೆ ನೆಟ್‌ಫ್ಲಿಕ್ಸ್‌ನಲ್ಲಿರುವ ನಿಮ್ಮ ಖಾತೆ ನಿಮ್ಮದೇ, ನಿಮ್ಮ ಇಮೇಲ್ ಮೇಲೆ ಇರುವಂಥದ್ದು. ಪ್ಲಾನ್ ನಿಂತ ತಕ್ಷಣ ಅದು ಅಳಿಸಿಹೋಗುವುದಿಲ್ಲ, ಹೊಸದಾಗಿ ದುಡ್ಡು ಕಟ್ಟುವ ದಾರಿ ಕೇಳುತ್ತದೆ. ಇಲ್ಲಿ ನೋಡಬೇಕಾದದ್ದು ಒಂದಿದೆ. ಹಿಂದೆ ಯಾವಾಗಲಾದರೂ ಆ ಖಾತೆಗೆ ನಿಮ್ಮ ಸ್ವಂತ ಕಾರ್ಡ್ ಹಾಕಿದ್ದಿರಾ? ಹಾಕಿದ್ದರೆ ಪ್ಲಾನ್ ಜೊತೆ ಬಂದ ಚಂದಾ ಮುಗಿದ ಮೇಲೆ ಅದರಿಂದ ಹಣ ಕಡಿತವಾಗಬಹುದು. ಒಂದೊಂದು ಆ್ಯಪ್‌ನಲ್ಲೂ ಪೇಮೆಂಟ್ ಪುಟ ತೆಗೆದು ನೋಡಿ. ಬೇಡವಾದರೆ ಕಾರ್ಡ್ ತೆಗೆಯಿರಿ.

ಪ್ರೈಮ್‌ನಂಥದ್ದು ಆರು ತಿಂಗಳು, ಒಂದು ವರ್ಷ ಅಂತ ಅವಧಿ ಲೆಕ್ಕದಲ್ಲಿ ಸಿಕ್ಕಿದ್ದರೆ, ಉಳಿದ ತಿಂಗಳು ಮುಂದುವರಿಯುತ್ತದೋ ಕೂಡಲೇ ನಿಲ್ಲುತ್ತದೋ ಎಂಬುದು ಆ ಪ್ಲಾನ್‌ನ ಷರತ್ತಿನಲ್ಲಿ ಇರುತ್ತದೆ. ನಿಲ್ಲುತ್ತದೆ ಅಂತಲೇ ಎಣಿಸಿ ಲೆಕ್ಕ ಹಾಕಿ. ಇನ್ನೂ ಪಡೆಯದೆ ಬಿಟ್ಟ ಆಫರ್ ಇದ್ದರೆ ಅದು ಹೋದ ಹಾಗೆಯೇ. ತಿಂಗಳಿಂದ ತಿಂಗಳಿಗೆ ಕೂಡಿಕೊಂಡು ಬಂದ ಡೇಟಾ ಕೂಡ ಪ್ರೀಪೇಯ್ಡ್‌ಗೆ ಬರುವುದಿಲ್ಲ. ಕಾಲರ್ ಟ್ಯೂನ್, ರೋಮಿಂಗ್ ಪ್ಯಾಕ್‌ಗಳನ್ನೂ ಹೊಸದಾಗಿ ಹಾಕಿಸಿಕೊಳ್ಳಬೇಕು.

ನಿಮ್ಮ ಆಫೀಸಿನವರು ಕೊಟ್ಟ ನಂಬರ್ ಆದರೆ ಇಷ್ಟರಲ್ಲಿ ಯಾವುದೂ ನಿಮ್ಮ ಕೈಯಲ್ಲಿಲ್ಲ. ಆ ನಂಬರ್ ಆಫೀಸಿನ ಹೆಸರಿನಲ್ಲಿದೆ. ಮೊದಲು ಆಫೀಸಿನಿಂದ ಒಪ್ಪಿಗೆ ಪತ್ರ ತಂದು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಹೆಜ್ಜೆ 4: ರಿಕ್ವೆಸ್ಟ್ ಮತ್ತು ಓಟಿಪಿ

ಕಂಪನಿಯ ಆ್ಯಪ್, ವೆಬ್‌ಸೈಟ್, ಕಸ್ಟಮರ್ ಕೇರ್ ಅಥವಾ ಸ್ಟೋರ್, ಯಾವುದರಿಂದಲಾದರೂ ಕೇಳಬಹುದು. ಪೋಸ್ಟ್‌ಪೇಯ್ಡ್‌ಗೆ ಕರೆತರುವ ಬಟನ್ ಆ್ಯಪ್‌ನಲ್ಲಿ ದೊಡ್ಡದಾಗಿ ಕಾಣುತ್ತದೆ, ಹೊರಹೋಗುವ ದಾರಿ ಹುಡುಕಬೇಕಾಗುತ್ತದೆ. ಸಿಗದಿದ್ದರೆ ಸುಮ್ನೆ ಸಮಯ ಕಳೆಯಬೇಡಿ, ಕಂಪನಿಯ ಸ್ವಂತ ಸ್ಟೋರ್‌ಗೆ ಗುರುತಿನ ಚೀಟಿ ಹಿಡಿದುಕೊಂಡು ಹೋಗಿ.

ಈ ಓಟಿಪಿಯೇ ನಿಮ್ಮ ಸಹಿ ಇದ್ದ ಹಾಗೆ. ನೀವಾಗಿ ರಿಕ್ವೆಸ್ಟ್ ಹಾಕಿದಾಗ ಬಂದದ್ದನ್ನು ಮಾತ್ರ ಬಳಸಿ. ಯಾರೋ ಫೋನ್ ಮಾಡಿ "ನಾವೇ ಪ್ರೀಪೇಯ್ಡ್ ಮಾಡಿಕೊಡುತ್ತೇವೆ, ಓಟಿಪಿ ಹೇಳಿ" ಅಂದರೆ ಫೋನ್ ಇಟ್ಟುಬಿಡಿ.

ಬದಲಾಗುವಾಗ ಸ್ವಲ್ಪ ಹೊತ್ತು ನೆಟ್‌ವರ್ಕ್ ಇರುವುದಿಲ್ಲ. ಬ್ಯಾಂಕ್ ಕೆಲಸ, ಟಿಕೆಟ್ ಬುಕಿಂಗ್ ಇದ್ದರೆ ಮೊದಲೇ ಮುಗಿಸಿಕೊಳ್ಳಿ. ಇರುವ ಸಿಮ್‌ನಲ್ಲೇ ಬದಲಾವಣೆ ಆಗುತ್ತದಾ ಅಂತಲೂ ಕೇಳಿ. ಹೊಸ ಸಿಮ್ ಕೊಟ್ಟರೆ, ವಂಚನೆ ತಡೆಯಲು ಇರುವ ನಿಯಮದಂತೆ 24 ಗಂಟೆ ಎಸ್‌ಎಂಎಸ್ ಬರದೆ ಇರಬಹುದು. ಎಸ್‌ಎಂಎಸ್ ಇಲ್ಲ ಅಂದರೆ ಬ್ಯಾಂಕಿನ ಓಟಿಪಿಯೂ ಇಲ್ಲ.

ಮತ್ತೆ ಪೋಸ್ಟ್‌ಪೇಯ್ಡ್‌ಗೆ ಮರಳಬೇಕು ಅನ್ನಿಸಿದರೆ ಕಾಯಬೇಕು. ಮೊದಲು ಈ ಗಡುವು 90 ದಿನ ಇತ್ತು. 2025ರ ಜೂನ್‌ನಲ್ಲಿ ಮೊದಲ ಸಲದ ಮರಳುವಿಕೆಗೆ ಅದನ್ನು 30 ದಿನಕ್ಕೆ ಇಳಿಸಿದರು. ಅದರ ನಂತರದ ಬದಲಾವಣೆಗಳಿಗೆ 90 ದಿನವೇ. ಅಷ್ಟರೊಳಗೆ ಬೇಕೇಬೇಕು ಅಂದರೆ ಓಟಿಪಿ ನಡೆಯುವುದಿಲ್ಲ, ಸ್ಟೋರ್‌ಗೆ ಹೋಗಿ ಮತ್ತೆ ದಾಖಲೆ ಕೊಡಬೇಕು.

ಹೆಜ್ಜೆ 5: ಕೂಡಲೇ ರೀಚಾರ್ಜ್

ಪ್ರೀಪೇಯ್ಡ್ ಆದ ಕ್ಷಣಕ್ಕೆ ನಿಮ್ಮ ನಂಬರ್‌ನಲ್ಲಿ ಪ್ಲಾನ್ ಇರುವುದಿಲ್ಲ. ಹಳೆ ಖಾತೆಯಲ್ಲಿ ಹಣ ಜಮಾ ಇದ್ದರೂ ಅದು ತಾನಾಗಿ ಪ್ರೀಪೇಯ್ಡ್ ಬ್ಯಾಲೆನ್ಸ್ ಆಗುವುದಿಲ್ಲ. ಯಾವ ರೀಚಾರ್ಜ್ ಅಂತ ಮೊದಲೇ ಆರಿಸಿಟ್ಟುಕೊಳ್ಳಿ. ಮನೆಯಲ್ಲಿ ಬೇರೆ ಇಂಟರ್ನೆಟ್ ಇಲ್ಲದಿದ್ದರೆ ಇನ್ನೊಬ್ಬರ ಫೋನಿನಿಂದ ಹಾಕಿಸಿ.

ಬೆಲೆ ಹೋಲಿಸುವಾಗ ದಿನ ಎಣಿಸಿ. ಪೋಸ್ಟ್‌ಪೇಯ್ಡ್‌ನಲ್ಲಿ ವರ್ಷಕ್ಕೆ 12 ಬಿಲ್. 28 ದಿನದ ರೀಚಾರ್ಜ್ ಆದರೆ ವರ್ಷಕ್ಕೆ 13 ಸಲ. ಪ್ರೀಪೇಯ್ಡ್ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ಪ್ಲಾನ್ ಬೆಲೆಗೆ ಅದು ಮೇಲಿಂದ ಬೀಳುತ್ತದೆ. ಈ ಎರಡನ್ನೂ ಲೆಕ್ಕಕ್ಕೆ ಹಿಡಿದೇ ಹೋಲಿಸಿ.

ಹೆಜ್ಜೆ 6: ಕೊನೆಯ ಬಿಲ್, ಆಟೊಪೇ, ಡೆಪಾಸಿಟ್

ಕೊನೆಯ ಬಿಲ್ ಸಾಮಾನ್ಯವಾಗಿ ಬಿಲ್ ಅವಧಿ ಮುಗಿದ ಮೇಲೆ ಬರುತ್ತದೆ. ಬಂದ ಕೂಡಲೇ ನಿಮ್ಮ ಲೆಕ್ಕದ ಜೊತೆ ತಾಳೆ ನೋಡಿ. ಬಾಡಿಗೆಯ ತಾರೀಕು ನೀವು ಬದಲಾಯಿಸಿದ ದಿನಕ್ಕೇ ನಿಂತಿದೆಯಾ? ಡೆಪಾಸಿಟ್ ಕಳೆದಿದ್ದಾರಾ? ಆ್ಯಡ್-ಆನ್ ಬಾಡಿಗೆ ಇನ್ನೂ ಸೇರಿಕೊಂಡಿದೆಯಾ?

ಆಟೊಪೇಯನ್ನು ಬದಲಾಯಿಸಿದ ದಿನವೇ ರದ್ದು ಮಾಡಬೇಡಿ, ಮರೆತೂ ಬಿಡಬೇಡಿ. ಯುಪಿಐ ಅಥವಾ ಕಾರ್ಡ್ ಆಟೊಪೇ ಇದ್ದರೆ ಹಣ ಕಡಿತವಾಗುವ 24 ಗಂಟೆ ಮೊದಲು ಸೂಚನೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಆ ಸೂಚನೆಯಲ್ಲಿನ ಮೊತ್ತ ಸರಿ ಇದ್ದರೆ ಹೋಗಲಿ, ತಪ್ಪಿದ್ದರೆ ಆಗಲೇ ತಡೆಯಿರಿ. ಕೊನೆಯ ಬಿಲ್ ಮುಗಿದ ಮೇಲೆ ಯುಪಿಐ ಆ್ಯಪ್ ಅಥವಾ ಬ್ಯಾಂಕ್‌ನಲ್ಲಿ ಅದನ್ನು ರದ್ದು ಮಾಡಿ.

ಡೆಪಾಸಿಟ್ ವಾಪಸ್ ಕೊಡಲು ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2024ರ ನಿಯಮದಲ್ಲಿ 45 ದಿನದ ಮಿತಿ ಇದೆ. ಯಾವ ಬ್ಯಾಂಕ್ ಖಾತೆಗೆ ಹಾಕುತ್ತಾರೆ ಅಂತ ಕೇಳಿ ವಿವರ ಕೊಟ್ಟಿರಿ. ಕೊಡದಿದ್ದರೆ ಹಣ ಅಲ್ಲೇ ಕೂತಿರುತ್ತದೆ.

ಕೊನೆಯ ಬಿಲ್ ಸಣ್ಣದು ಅಂತ ಬಿಟ್ಟರೆ ಅದು ವಸೂಲಿ ಕರೆಗಳಾಗಿ ಬರುತ್ತದೆ. ಟೆಲಿಕಾಂ ಬಾಕಿಯ ಮಾಹಿತಿ ಕ್ರೆಡಿಟ್ ಬ್ಯೂರೋಗಳಿಗೂ ಹೋಗಬಹುದು. ಮುಂದೆ ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಈ ಹಳೆ ಬಾಕಿ ಎದುರಿಗೆ ಬರುತ್ತದೆ. ಹಣ ಕಟ್ಟಿದ ಮೇಲೆ "ಬಾಕಿ ಏನೂ ಇಲ್ಲ" ಎಂಬ ಇಮೇಲ್ ಕೇಳಿ ಪಡೆದುಕೊಳ್ಳಿ.

ಬೇರೆ ಕಂಪನಿಯ ಪ್ರೀಪೇಯ್ಡ್‌ಗೆ ಹೋಗುವುದಾದರೆ

ಪೋಸ್ಟ್‌ಪೇಯ್ಡ್‌ನಿಂದ ನೇರವಾಗಿ ಇನ್ನೊಂದು ಕಂಪನಿಯ ಪ್ರೀಪೇಯ್ಡ್‌ಗೆ ಪೋರ್ಟ್ ಆಗಬಹುದು. ಮೊದಲು ಇಲ್ಲೇ ಪ್ರೀಪೇಯ್ಡ್ ಆಗಿ ಆಮೇಲೆ ಹೋಗಬೇಕು ಅಂತೇನಿಲ್ಲ. ತಯಾರಾದ ಬಿಲ್ ಕಟ್ಟಿ, 1900ಕ್ಕೆ ಹೀಗೆ ಎಸ್‌ಎಂಎಸ್ ಕಳಿಸಿ:

```
PORT ನಿಮ್ಮ ಹತ್ತು ಅಂಕಿಯ ನಂಬರ್
```

ಉತ್ತರವಾಗಿ ಬರುವ, ಪೋರ್ಟ್‌ಗೆ ಬೇಕಾದ ಯುಪಿಸಿ ಕೋಡ್ ಕರ್ನಾಟಕದಲ್ಲಿ ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಬಾಕಿ ಇದ್ದರೆ ಕೋಡ್ ಬರುವುದಿಲ್ಲ. ಸಿಮ್ ಬದಲಾಯಿಸಿ ಏಳು ದಿನ ಆಗಿಲ್ಲದಿದ್ದರೂ ಬರುವುದಿಲ್ಲ, ಇದು 2024ರ ಜುಲೈನಿಂದ ಬಂದ ನಿಯಮ.

ಪೋರ್ಟ್‌ನಲ್ಲಿ ಕೊನೆಯ ಬಿಲ್ ಇನ್ನೂ ಜಾಸ್ತಿ ಮುಖ್ಯ. ನೀವು ಹೊರಟ ಮೇಲೆ ಹಳೆ ಕಂಪನಿ ಉಳಿದ ದಿನಗಳ ಬಿಲ್ ಕಳಿಸುತ್ತದೆ. ಅದನ್ನು ಕಟ್ಟದಿದ್ದರೆ ಹಳೆ ಕಂಪನಿಯ ಕೋರಿಕೆಯ ಮೇರೆಗೆ ಹೊಸ ಕಂಪನಿಯಲ್ಲೇ ನಿಮ್ಮ ನಂಬರ್ ನಿಲ್ಲಿಸಬಹುದು. ರೀಚಾರ್ಜ್ ಇದ್ದೂ ಫೋನ್ ಸತ್ತುಹೋದರೆ ಇದೂ ಒಂದು ಕಾರಣ ಇರಬಹುದು ಅಂತ ನೆನಪಿಡಿ.

ಲೆಕ್ಕ ತಪ್ಪಿದ್ದರೆ

ಮೊದಲು 198ಕ್ಕೆ ಅಥವಾ ಆ್ಯಪ್‌ನಲ್ಲಿ ದೂರು ಕೊಟ್ಟು, ಆ ದೂರಿನ ಗುರುತಾದ ಡಾಕೆಟ್ ನಂಬರ್ ಪಡೆಯಿರಿ. ಆ ನಂಬರ್ ಇಲ್ಲದೆ ಮುಂದಿನ ಹೆಜ್ಜೆ ಇಲ್ಲ. ಉತ್ತರ ಸರಿಬರದಿದ್ದರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಬರೆಯಬಹುದು, ಅದಕ್ಕೆ ಶುಲ್ಕ ಇಲ್ಲ. ಅಪೀಲು 39 ದಿನದೊಳಗೆ ತೀರ್ಮಾನ ಆಗಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಬಹುದು.

ಟೆಲಿಕಾಂ ವಿಷಯಕ್ಕೆ ಗ್ರಾಹಕರ ಆಯೋಗಕ್ಕೆ ಹೋಗುವ ಹಾಗಿಲ್ಲ ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಅಲ್ಲಿಗೆ ಹೋಗುವುದಾದರೆ ಕೊನೆಯ ಬಿಲ್, ಬದಲಾವಣೆಯ ತಾರೀಕು ಹೇಳುವ ಎಸ್‌ಎಂಎಸ್, ದಿನದ ಲೆಕ್ಕದ ಬಗ್ಗೆ ಚಾಟ್‌ನಲ್ಲಿ ಸಿಕ್ಕ ಉತ್ತರ, ಡಾಕೆಟ್ ನಂಬರ್, ಇವಿಷ್ಟನ್ನೂ ಜೊತೆಗೆ ಇಡಿ.